ಜಾತಿ ಬೈಗುಳಕ್ಕೆ ‘ಧನ್ಯವಾದ’ ಹೇಳೋ ಸಭ್ಯತೆ ನಮಗೆ ಬೇಡ



ಪೋಸ್ಟು ಸ್ವಲ್ಪ ಉದ್ದ ಇದೆ. ನಮ್ಮ ಬುದ್ಧ ವಿಹಾರಗಳ, ಬೌದ್ಧ ಸಂಘಗಳ ಫೇಸ್‌ಬುಕ್ ಪೇಜ್ ನೋಡ್ಕೊಳ್ಳೋ ಅಣ್ಣತಮ್ಮಂದಿರು, ಅಕ್ಕತಂಗಿಯರು ದಯವಿಟ್ಟು ಕೊನೇವರೆಗೂ ಓದಿ. ಇದು ನಮ್ಮ ಮನೆಯೊಳಗಿನ ಜಗಳ. ಬೀದಿಗೆ ತಂದೆ ಅಂತ ಕೆಲವರು ಬೈತಾರೆ, ಬೈಯಲಿ.

ನಮ್ಮ ತಾಲ್ಲೂಕಿನ ಒಂದು ವಿಹಾರ ಸಮಿತಿಯ ಪೇಜನ್ನು ಮೂರು ವರ್ಷದಿಂದ ನಾವು ನಾಲ್ಕು ಜನ ಸರದಿ ಮೇಲೆ ನೋಡ್ಕೊಳ್ತಿದ್ದೀವಿ. ನಾನು ಹಗಲು ಆಫೀಸಲ್ಲಿ ಗುಮಾಸ್ತೆ, ಟಪಾಲು ಒಳಗೆ ತಗೊಳ್ಳೋದು, ಹೊರಗೆ ಕಳಿಸೋದು ನನ್ನ ಕೆಲಸ. ರಾತ್ರಿ ಮನೆ ಕೆಲಸ ಮುಗಿದ ಮೇಲೆ ಪೇಜಿನ ಕಾಮೆಂಟು. ಸಮಿತಿ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ನಮ್ಮೆಲ್ಲರಿಗೂ ಹಿರಿಯರು. ಯಾರೇ ಏನೇ ಬರೆದರೂ ಹಾಕಬೇಕಾದ ಉತ್ತರ ಒಂದನ್ನು ಅವರೇ ಬರೆದುಕೊಟ್ಟಿದ್ದರು: ‘ನಮೋ ಬುದ್ಧಾಯ. ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ತಮಗೆ ಮಂಗಳವಾಗಲಿ.’

ಈ ಸಾಲು ನಮ್ಮ ನಾಲ್ವರ ಫೋನಲ್ಲೂ ಸೇವ್ ಆಗಿತ್ತು. ಯಾರು ಬೈದರೂ ಕಾಪಿ, ಪೇಸ್ಟ್. ನಾನೂ ನೂರಾರು ಸಲ ಹಾಕಿದ್ದೀನಿ, ಸುಳ್ಳು ಹೇಳಲ್ಲ. ನಮ್ಮ ಆಫೀಸಲ್ಲಿ ‘ತಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ, ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಅಂತ ಒಂದು ಮಾದರಿ ಪತ್ರ ಇದೆ. ಅದನ್ನು ಟೈಪ್ ಮಾಡುವಾಗ ಅರ್ಜಿ ಓದಬೇಕಾಗಿಲ್ಲ. ಇದೂ ಹಾಗೇ. ಓದದೇ ಇರೋಕೆ ಸಿಕ್ಕ ಸೌಕರ್ಯ ಅದು. ಅದಕ್ಕೆ ನಾವು ಮೈತ್ರಿ ಅಂತ ಹೆಸರಿಟ್ಟುಕೊಂಡಿದ್ವಿ.

ಹೋದ ಅಕ್ಟೋಬರ್ 14ರಂದು ಏನಾಯ್ತು ಅಂತ ಹೇಳ್ತೀನಿ.

1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ದೀಕ್ಷೆ ತಗೊಂಡ ದಿನ ಅಂತ ನಮ್ಮ ವಿಹಾರದಲ್ಲಿ ಪ್ರತಿವರ್ಷ ಕಾರ್ಯಕ್ರಮ ಇರುತ್ತೆ. ಆವತ್ತು ಹನ್ನೊಂದು ಜನ ದೀಕ್ಷೆ ತಗೊಂಡರು. ಅದರಲ್ಲಿ ಒಬ್ಬ ಹುಡುಗಿ, ಬಿ.ಕಾಂ. ಎರಡನೇ ವರ್ಷ, ಮೈಕ್ ಹಿಡಿದು 22 ಪ್ರತಿಜ್ಞೆಗಳನ್ನು ಓದಿದಳು, ಉಳಿದವರು ಹಿಂದಿನಿಂದ ಹೇಳಿದರು. ಅವಳ ಫೋಟೋನೇ ಮೊದಲು ಹಾಕಿದ್ವಿ, ಕೆಳಗೆ ಹೆಸರೂ ಹಾಕಿದ್ವಿ. ರಾತ್ರಿ 11:40ಕ್ಕೆ ಒಬ್ಬ ಬಂದು ಅವಳ ಹೆಸರು ಬರೆದು, ಜಾತಿ ಹೆಸರು ಹಿಡಿದು, ಅವಳ ತಾಯಿ ಏನು ಕೆಲಸ ಮಾಡ್ತಿದ್ದಳು ಅಂತ ಒಂದು ಸಾಲು ಸೇರಿಸಿ ಬರೆದ. ಆ ಮಾತನ್ನು ಇಲ್ಲಿ ಮತ್ತೆ ಬರೆಯಲ್ಲ.

11:46ಕ್ಕೆ ಸರದಿಯಲ್ಲಿದ್ದ ನಮ್ಮ ಹುಡುಗ ಆ ಕಾಮೆಂಟಿನ ಕೆಳಗೆ ನಮ್ಮ ಸಾಲು ಹಾಕಿದ. ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ತಮಗೆ ಮಂಗಳವಾಗಲಿ. ಅವನು ಐ.ಟಿ.ಐ. ಓದೋ ಮಗು, ಅವನ ತಪ್ಪಲ್ಲ, ಹೇಳಿಕೊಟ್ಟಿದ್ದನ್ನು ಮಾಡಿದ.

ಬೆಳಿಗ್ಗೆ ಏಳೂವರೆಗೆ ಆ ಹುಡುಗಿ ನನಗೆ ಫೋನ್ ಮಾಡಿದಳು. ಅಳ್ತಾ ಇರಲಿಲ್ಲ. ‘ಅಕ್ಕಾ, ಅವನು ಬೈದಿದ್ದು ಹೊಸದೇನಲ್ಲ, ಕಾಲೇಜಲ್ಲೂ ಕೇಳಿದ್ದೀನಿ. ನೀವು ಅವನಿಗೆ ಧನ್ಯವಾದ ಯಾಕೆ ಹೇಳಿದ್ರಿ?’ ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ, ಸುಮ್ಮನೆ ಫೋನ್ ಹಿಡ್ಕೊಂಡಿದ್ದೆ.

ಪೇಜ್ ತೆಗೆದು ನೋಡಿದ್ರೆ ಆ ಕಾಮೆಂಟು ಎಲ್ಲಕ್ಕಿಂತ ಮೇಲೆ ಕೂತಿದೆ. ಕೆಳಗೆ ಹದಿನಾಲ್ಕು ಉತ್ತರ, ಹಲ್ಲು ಕಿರಿಯೋ ಗುರುತುಗಳು. ಶುಭಾಶಯ ಹೇಳಿದ ನಮ್ಮವರ ಅರವತ್ತು ಕಾಮೆಂಟು ಎಲ್ಲೋ ಕೆಳಗೆ ಬಿದ್ದಿವೆ. ಫೇಸ್‌ಬುಕ್ಕಿನಲ್ಲಿ ಕಾಮೆಂಟುಗಳನ್ನು `Most relevant` ಅಂತ ಜೋಡಿಸುವಾಗ ಯಾವುದಕ್ಕೆ ಹೆಚ್ಚು ಉತ್ತರ, ಹೆಚ್ಚು ಗುರುತು ಬಿದ್ದಿದೆಯೋ ಅದನ್ನು ಮೇಲೆ ತರುತ್ತೆ. ಪೇಜಿನವರೇ ಉತ್ತರ ಕೊಟ್ಟರಂತೂ ಆ ಮಾತುಕತೆಗೆ ಇನ್ನಷ್ಟು ಬೆಲೆ. ಮೆಷೀನಿಗೆ ಬೈಗುಳ ಯಾವುದು, ಬುದ್ಧವಂದನೆ ಯಾವುದು ಅಂತ ತಿಳಿಯಲ್ಲ. ಇಲ್ಲಿ ಮಾತು ನಡೀತಿದೆ ಅಂತ ಅಷ್ಟೇ ತಿಳಿಯುತ್ತೆ. ಅಂದ್ರೆ ಅವನ ಬೈಗುಳವನ್ನು ಎತ್ತಿ ಜಗಲಿ ಮೇಲೆ ಕೂರಿಸಿದ್ದು ನಮ್ಮದೇ ಸಭ್ಯ ಉತ್ತರ. ಪ್ರತಿ ಕಾಮೆಂಟಿಗೂ ಉತ್ತರ ಕೊಡಬೇಕು ಅನ್ನೋರು ಇದನ್ನು ಮೊದಲು ತಿಳ್ಕೊಳ್ಳಿ. ಕೆಲವು ಸಲ ಉತ್ತರಾನೇ ಅವನಿಗೆ ಮೈಕ್ ಕೊಟ್ಟ ಹಾಗೆ.

ಆಮೇಲೆ ಇನ್ನೊಂದು ಎಡವಟ್ಟು. ಎಂಟು ಗಂಟೆಗೆ ಮೇಷ್ಟ್ರಿಗೆ ವಿಷಯ ಗೊತ್ತಾಗಿ, ಅವರು ಗಾಬರಿಯಾಗಿ ಹುಡುಗನಿಗೆ ಫೋನ್ ಮಾಡಿ ‘ತಕ್ಷಣ ತೆಗೆದುಹಾಕಪ್ಪ’ ಅಂದರು. ಅವನು ಡಿಲೀಟ್ ಮಾಡಿದ. ಡಿಲೀಟ್ ಮಾಡಿದ್ರೆ ಆ ಕಾಮೆಂಟು ಹೋಗುತ್ತೆ, ಅದರ ಕೆಳಗಿನ ಎಲ್ಲಾ ಉತ್ತರಗಳೂ ಹೋಗುತ್ತವೆ. ಅದರ ಜೊತೆ ನಮ್ಮ ಸಾಕ್ಷಿಯೂ ಹೋಯ್ತು. ಉಳಿದದ್ದು ಆ ಹುಡುಗಿ ನನಗೆ ವಾಟ್ಸಾಪಲ್ಲಿ ಕಳಿಸಿದ್ದ ಒಂದೇ ಒಂದು ಸ್ಕ್ರೀನ್‌ಶಾಟ್. ಮೇಲೆ ಕೆಳಗೆ ಕತ್ತರಿಸಿದ್ದು, ತಾರೀಖಿಲ್ಲ, ಲಿಂಕಿಲ್ಲ. ಅದರಲ್ಲಿ ಅವನ ಬೈಗುಳ, ಕೆಳಗೆ ನಮ್ಮ ಧನ್ಯವಾದ, ಇವೆರಡು ಮಾತ್ರ ಚೆನ್ನಾಗಿ ಕಾಣ್ತಿತ್ತು.

ಅವಳೂ ಅವಳ ತಾಯಿಯೂ ಎರಡು ದಿನ ಯೋಚನೆ ಮಾಡಿ, ದೂರು ಕೊಡೋಣ ಅಂದರು. ಅವರು ಹೇಳೋವರೆಗೆ ನಾನು ಆ ಮಾತು ಎತ್ತಲಿಲ್ಲ. ಬೈಸಿಕೊಂಡವರು ಅವರು, ನಾಳೆ ಬಸ್‌ಸ್ಟ್ಯಾಂಡಲ್ಲಿ ನಿಲ್ಲಬೇಕಾದವರೂ ಅವರೇ. ಠಾಣೆಗೆ ಹೋದ್ವಿ. ಸಾಹೇಬರು ಫೋಟೋ ನೋಡಿದರು, ನಮ್ಮ ಕಡೆ ನೋಡಿದರು. ‘ಮೇಡಂ, ನಿಮ್ಮ ಸಂಸ್ಥೆಯವರೇ ಅಮೂಲ್ಯ ಅಭಿಪ್ರಾಯ ಅಂದಿದ್ದೀರಲ್ಲ. ಮತ್ತೆ ದೂರು ಯಾಕೆ?’ ಅಂದರು. ಲಿಂಕ್ ಕೊಡಿ ಅಂದರು. ಇಲ್ಲ. ಪ್ರೊಫೈಲ್? ಹೆಸರು ಗೊತ್ತು, ಆದರೆ ಆ ಹೆಸರಿನವರು ಹುಡುಕಿದ್ರೆ ನೂರು ಜನ. ಒಂದು ವಾರ ಓಡಾಡಿಸಿ ಹಿಂಬರಹ ಕೊಟ್ಟರು: ‘ಸೂಕ್ತ ದಾಖಲೆ ಒದಗಿಸಿದಲ್ಲಿ ಮುಂದಿನ ಕ್ರಮ.’ ಹಿಂಬರಹ ಅಂದ್ರೇನು ಅಂತ ಗುಮಾಸ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಹೇಬರು ಹೇಳಿದ್ದು ಕಾನೂನಲ್ಲ, ಜಾರಿಕೊಳ್ಳೋ ದಾರಿ. ಸಂಸ್ಥೆ ಧನ್ಯವಾದ ಅಂದ ಮಾತ್ರಕ್ಕೆ ಆ ಹುಡುಗಿಗೆ ಆದ ಅವಮಾನ ಮಾಫಿ ಆಗಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ 2018ರಲ್ಲಿ ಸೇರಿಸಿದ 18ಎ ಕಲಮಿನ ಪ್ರಕಾರ ಎಫ್‌ಐಆರ್ ಹಾಕೋಕೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. ಅವರದ್ದು ತಪ್ಪು. ಆದರೆ ಜಾರಿಕೊಳ್ಳೋಕೆ ಬೇಕಾದ ಎಣ್ಣೆ ಕೊಟ್ಟವರು ನಾವೇ ಅಲ್ವಾ?

ಸಮಿತಿ ಸಭೆಯಲ್ಲಿ ನಾನು ಇದನ್ನು ಎತ್ತಿದಾಗ ಮೇಷ್ಟ್ರು ಬುದ್ಧರ ಕತೆ ಹೇಳಿದರು. ನಿಮಗೂ ಗೊತ್ತಿರುತ್ತೆ. ಅಕ್ಕೋಸಕ ಭಾರದ್ವಾಜ ಅನ್ನೋ ಬ್ರಾಹ್ಮಣ, ತನ್ನ ಕುಲದವನೊಬ್ಬ ಭಿಕ್ಖು ಆದ ಅಂತ ಸಿಟ್ಟಾಗಿ ಬಂದು ಬುದ್ಧರನ್ನು ಬಾಯಿಗೆ ಬಂದಂತೆ ಬೈತಾನೆ. ಬುದ್ಧರು ಸಿಟ್ಟಾಗಲ್ಲ. ನಿನ್ನ ಮನೆಗೆ ನೆಂಟರು ಬರ್ತಾರಾ, ಊಟ ಬಡಿಸ್ತೀಯಾ, ಅವರು ತಗೊಳ್ಳದಿದ್ರೆ ಆ ಊಟ ಯಾರದ್ದು ಅಂತ ಕೇಳ್ತಾರೆ. ನನ್ನದೇ ಅಂತಾನೆ. ಹಾಗೇ ನಿನ್ನ ಬೈಗುಳ ನಾವು ತಗೊಳ್ಳಲಿಲ್ಲ, ಅದು ನಿನ್ನದೇ ಅಂತಾರೆ ಬುದ್ಧರು. ‘ನೋಡಮ್ಮ, ಬೈದವನಿಗೂ ಮೈತ್ರಿ ತೋರಿಸಬೇಕು, ಅದೇ ಧಮ್ಮ’ ಅಂದರು ಮೇಷ್ಟ್ರು.

ನಾನು ಕೇಳಿದೆ: ಮೇಷ್ಟ್ರೇ, ಆ ಕತೆಯಲ್ಲಿ ಬುದ್ಧರು ‘ಅಮೂಲ್ಯ ಊಟಕ್ಕೆ ಧನ್ಯವಾದ’ ಅಂದ್ರಾ?

ಇಲ್ಲ. ಅವರು ತಗೊಳ್ಳಲಿಲ್ಲ. ಬಡಿಸಿದ ಎಲೆಯನ್ನು ಹಾಗೇ ಅವನ ಮುಂದಕ್ಕೆ ತಳ್ಳಿದರು. ಧನ್ಯವಾದ ಅನ್ನೋದು ತಗೊಂಡ ಮೇಲೆ ಹೇಳೋ ಮಾತು. ನಾವು ತಗೊಂಡ್ವಿ, ಅದಕ್ಕೆ ಅಮೂಲ್ಯ ಅಂತ ಬೆಲೆ ಕಟ್ಟಿದ್ವಿ, ರಸೀದಿನೂ ಹಾಕಿ ಕೊಟ್ವಿ. ಇನ್ನೊಂದು ಮಾತು. ಅಲ್ಲಿ ಬೈಸಿಕೊಂಡವರು ಬುದ್ಧರೇ, ಕ್ಷಮಿಸೋ ಹಕ್ಕು ಅವರದ್ದು. ಇಲ್ಲಿ ಬೈಸಿಕೊಂಡವಳು ಹತ್ತೊಂಬತ್ತು ವರ್ಷದ ಹುಡುಗಿ, ಧನ್ಯವಾದ ಹೇಳಿದ್ದು ಸಮಿತಿ. ಬೇರೆಯವರ ಕೆನ್ನೆಗೆ ಬಿದ್ದ ಏಟನ್ನು ನಾವು ಕ್ಷಮಿಸೋದು ಯಾವ ಮೈತ್ರಿ ಸ್ವಾಮಿ? ಊರಲ್ಲಿ ಯಾವುದಾದ್ರೂ ಗಲಾಟೆ ಆದಾಗ ಶಾಂತಿ ಸಭೆ ಕರೆದು ಏಟು ತಿಂದವನ ಕೈಲೇ ಹಸ್ತಲಾಘವ ಮಾಡಿಸ್ತಾರಲ್ಲ, ಅದೇ ಇದು.

ಮೇಷ್ಟ್ರ ತಲೆಮಾರಿಗೆ ಸಭ್ಯತೆ ಒಂದು ಗುರಾಣಿ ಆಗಿತ್ತು. ದನಿ ಏರಿಸಿದ್ರೆ ‘ನೋಡಿ, ಇವರು ಇಷ್ಟೇ’ ಅನ್ನೋರು. ಅದಕ್ಕೇ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಆ ನೋವು ನನಗೆ ಅರ್ಥ ಆಗುತ್ತೆ, ನಮ್ಮಪ್ಪನೂ ಹಾಗೇ ಇದ್ದರು. ಆದರೆ ಈಗ ಆ ಗುರಾಣಿ ಹಿಂದೆ ನಿಂತಿರೋದು ನಾವು ದೊಡ್ಡವರು, ಏಟು ಬೀಳ್ತಿರೋದು ಮುಂದೆ ಮೈಕ್ ಹಿಡಿದ ಮಕ್ಕಳಿಗೆ.

ಹಾಗಂತ ಬೈದವನಿಗೆ ತಿರುಗಿ ಬೈಯಿರಿ ಅಂತ ನಾನು ಹೇಳ್ತಿಲ್ಲ. ಸಿದ್ಧ ಉತ್ತರವೇ ಬೇಡ ಅಂತಾನೂ ಹೇಳ್ತಿಲ್ಲ. ನಾಲ್ಕು ಜನ, ಎಲ್ಲರಿಗೂ ಕೆಲಸ ಇದೆ, ಸಿದ್ಧ ಉತ್ತರ ಬೇಕೇ ಬೇಕು. ನಮ್ಮ ತಪ್ಪು ಏನಂದ್ರೆ ಗೇಲಿಗೂ ಬೈಗುಳಕ್ಕೂ ಒಂದೇ ಸೀಲು ಒತ್ತಿದ್ದು.

ಗೇಲಿ ಅಂದ್ರೆ ಯಾವುದು? ‘ಧರ್ಮ ಬಿಟ್ರಿ, ಮೀಸಲಾತಿ ಮಾತ್ರ ಯಾಕೆ ಬಿಡಲ್ಲ?’ ವಾರಕ್ಕೆ ಎರಡು ಸಲನಾದ್ರೂ ಬರುತ್ತೆ. ಕುಹಕ ಇದೆ, ಆದರೆ ಒಳಗೆ ಒಂದು ಪ್ರಶ್ನೆನೂ ಇದೆ. ಇದಕ್ಕೆ ‘ಅಮೂಲ್ಯ ಅಭಿಪ್ರಾಯ’ ಅಂದ್ರೆ ಓದೋ ನೂರು ಜನ ‘ಇವರ ಹತ್ರ ಉತ್ತರ ಇಲ್ಲ’ ಅಂದ್ಕೊಳ್ತಾರೆ. ಉತ್ತರ ಇದೆಯಲ್ಲ! ಪರಿಶಿಷ್ಟ ಜಾತಿಗಳ 1950ರ ಆದೇಶದಲ್ಲಿ ಮೊದಲು ಹಿಂದೂಗಳಿಗೆ ಮಾತ್ರ ಅಂತಿತ್ತು, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಧರ್ಮ ಬದಲಾದರೂ ಊರವರು ನೋಡೋ ಕಣ್ಣು ಬದಲಾಗಲ್ಲ ಅಂತ ಸಂಸತ್ತೇ ಒಪ್ಪಿಕೊಂಡ ಹಾಗಾಯ್ತು. ಇದನ್ನು ಮೂರು ಸಾಲಲ್ಲಿ ಬರೆದಿಟ್ಟುಕೊಳ್ಳಿ. ಸಭ್ಯವಾಗಿ ಹಾಕಿ, ಬೇಕಾದ್ರೆ ಮಂಗಳವಾಗಲಿ ಅಂತಾನೂ ಹಾಕಿ. ಒಂದೇ ಸಲ. ಅವನು ಮತ್ತೆ ಕೆಣಕಿದ್ರೆ ಉತ್ತರ ಬೇಡ, ಯಾಕಂದ್ರೆ ಎರಡನೇ ಉತ್ತರದಿಂದ ಆ ಕಾಮೆಂಟು ಮೇಲೆ ಬರುತ್ತೆ, ಮಾಹಿತಿ ಏನೂ ಸೇರಲ್ಲ.

‘ನಮ್ಮ ದೇವರನ್ನ ಪೂಜೆ ಮಾಡಲ್ಲ ಅಂತ ಪ್ರತಿಜ್ಞೆ ಮಾಡಿಸ್ತೀರಲ್ಲ, ಇದು ಅವಮಾನ ಅಲ್ವಾ’ ಅಂತ ಇನ್ನೊಂದು. ಇದಕ್ಕೂ ಉತ್ತರ ಸರಳ. ಆ ಪ್ರತಿಜ್ಞೆಗಳು ‘ನಾನು’ ಅಂತ ಹೇಳೋವು. ನಾನು ಪೂಜಿಸಲ್ಲ ಅಂತ ಇದೆ, ನೀನು ಪೂಜಿಸಬೇಡ ಅಂತ ಇಲ್ಲ. ದೀಕ್ಷೆ ತಗೊಳ್ಳೋನ ಮನಸ್ಸಿನ ಲೆಕ್ಕ ಅದು. ಇಷ್ಟೇ ಬರೆದ್ರೆ ಸಾಕು.

ಇಲ್ಲಿ ನಮ್ಮವರಿಗೆ ಒಂದು ಕಹಿ ಮಾತು. ಬುದ್ಧನನ್ನು, ವಿಹಾರವನ್ನು ಯಾರಾದ್ರೂ ಟೀಕೆ ಮಾಡಿದ ಕೂಡಲೇ ‘ಧಾರ್ಮಿಕ ಭಾವನೆಗೆ ಧಕ್ಕೆ’ ಅಂತ ಠಾಣೆಗೆ ಓಡಬೇಡಿ. ಅದೇ ಕೋಲಲ್ಲಿ ನಮ್ಮ ಲೇಖಕರು, ಹಾಡುಗಾರರು ಎಷ್ಟು ಏಟು ತಿಂದಿದ್ದಾರೆ. ಬುದ್ಧರು ಪ್ರಶ್ನೆಗೆ ಹೆದರಿದವರಲ್ಲ. ನಾವು ಹಿಡಿಯಬೇಕಾದ್ದು ಜಾತಿ ಹಿಡಿದು ಮನುಷ್ಯರನ್ನು ಅವಮಾನಿಸೋ ಮಾತನ್ನು ಮಾತ್ರ.

ಈಗ ಆ ಬೈಗುಳದ ವಿಷಯಕ್ಕೆ ಬರ್ತೀನಿ. ದೌರ್ಜನ್ಯ ತಡೆ ಕಾಯ್ದೆಯ 3(1)ರಲ್ಲಿ (ಆರ್) ಮತ್ತು (ಎಸ್) ಅಂತ ಎರಡು ಉಪಕಲಮು ಇವೆ. ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡದವರನ್ನು ಬೇಕಂತಲೇ ಅವಮಾನ ಮಾಡಿದ್ರೆ ಮೊದಲನೇದು, ಜಾತಿ ಹೆಸರು ಹಿಡಿದು ಬೈದ್ರೆ ಎರಡನೇದು. ಫೇಸ್‌ಬುಕ್ ಅಂಥ ಜಾಗವಾ ಅಂತ ಕೇಳೋರಿಗೆ: ಇಂಟರ್ನೆಟ್ಟಲ್ಲಿ ಹಾಕಿದ ವಿಡಿಯೋದಲ್ಲಿ ಬೈದಿದ್ದೂ ಸಾರ್ವಜನಿಕರ ಎದುರು ಬೈದ ಹಾಗೇ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನಾಲ್ಕು ಗೋಡೆ ಮಧ್ಯೆ ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದಕ್ಕೆ ಬರಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಎಲ್ಲರಿಗೂ ಕಾಣೋ ಕಾಮೆಂಟು ಬೇರೆ, ಇನ್‌ಬಾಕ್ಸಿಗೆ ಬಂದ ಬೈಗುಳ ಬೇರೆ. ಬೈದವನು ಪರಿಶಿಷ್ಟ ಜಾತಿ, ಪಂಗಡದವನೇ ಆಗಿದ್ರೆ ಈ ಕಾಯ್ದೆ ಹತ್ತಲ್ಲ. ಬಾಬಾಸಾಹೇಬರ ಬಗ್ಗೆ ಹೊಲಸಾಗಿ ಬರೆದ್ರೆ ಅದಕ್ಕೆ ಬೇರೆ ಉಪಕಲಮು ಇದೆ, (ವಿ): ನಮ್ಮ ಜನ ಗೌರವಿಸೋ ತೀರಿಕೊಂಡ ಮಹನೀಯರಿಗೆ ಅಗೌರವ ತೋರಿಸೋದು.

ಹಾಗಾದ್ರೆ ಅಂಥ ಕಾಮೆಂಟು ಕಂಡ ತಕ್ಷಣ ಏನು ಮಾಡಬೇಕು? ಉತ್ತರ ಕೊಡಬೇಡಿ, ಡಿಲೀಟೂ ಮಾಡಬೇಡಿ. ಟಪಾಲು ಬಂದ ಹಾಗೆ ಮೊದಲು ಒಳಗೆ ದಾಖಲು ಮಾಡಿ. ಕಾಮೆಂಟಿನ ಕೆಳಗೆ ಎಷ್ಟು ಹೊತ್ತಾಯ್ತು ಅಂತ ಸಣ್ಣಗೆ ಬರೆದಿರುತ್ತಲ್ಲ, ಕಂಪ್ಯೂಟರಲ್ಲಿ ಅದರ ಮೇಲೆ ಒತ್ತಿದ್ರೆ ಆ ಒಂದು ಕಾಮೆಂಟಿನದ್ದೇ ವಿಳಾಸ ಮೇಲೆ ಬರುತ್ತೆ, ಅದರಲ್ಲಿ `comment_id` ಅಂತ ಇದ್ದು ಮುಂದೆ ಉದ್ದದ ಸಂಖ್ಯೆ ಇರುತ್ತೆ. ಅದನ್ನು ಬರೆದಿಟ್ಟುಕೊಳ್ಳಿ. ಅವನ ಪ್ರೊಫೈಲ್ ತೆರೆದು ಅದರ ವಿಳಾಸವನ್ನೂ ತಗೊಳ್ಳಿ, ಯಾಕಂದ್ರೆ ಹೆಸರು, ಫೋಟೋ ಎರಡನ್ನೂ ಅವನು ಅರ್ಧ ಗಂಟೆಯಲ್ಲಿ ಬದಲಾಯಿಸ್ತಾನೆ. ಆಮೇಲೆ ಇಡೀ ಪರದೆಯ ಸ್ಕ್ರೀನ್‌ಶಾಟ್, ವಿಳಾಸದ ಪಟ್ಟಿ, ತಾರೀಖು, ಗಂಟೆ ಎಲ್ಲಾ ಕಾಣೋ ಹಾಗೆ. ಕತ್ತರಿಸಬೇಡಿ, ಗೆರೆ ಹಾಕಬೇಡಿ. ವಾಟ್ಸಾಪಲ್ಲಿ ಕಳಿಸಿದ್ರೆ ಫೋಟೋ ಕುಗ್ಗಿ ಬೇರೆ ಫೈಲೇ ಆಗಿಬಿಡುತ್ತೆ, ಹಾಗಾಗಿ ಮೂಲ ಫೈಲು ತೆಗೆದ ಫೋನಿನಲ್ಲೋ ಕಂಪ್ಯೂಟರಲ್ಲೋ ಹಾಗೇ ಇರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಇದಕ್ಕೆ ಒಂದು ಪ್ರಮಾಣಪತ್ರ ಕೊಡಬೇಕು. ಒಂದು ಭಾಗಕ್ಕೆ ದಾಖಲೆ ಹಾಜರು ಮಾಡೋರ ಸಹಿ, ಇನ್ನೊಂದು ಭಾಗಕ್ಕೆ ತಜ್ಞರ ಸಹಿ. ಅದರಲ್ಲಿ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನೂ ಬರೆಯಬೇಕು. ಫೈಲು ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತೆ.

ಇಷ್ಟಾದ ಮೇಲೆ `Hide comment` ಒತ್ತಿ. ಆದರೆ ಅದನ್ನು ಒತ್ತಿದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ಮರೆಮಾಡಿದ ಕಾಮೆಂಟು ಬರೆದವನಿಗೂ ಅವನ ಸ್ನೇಹಿತರಿಗೂ ಕಾಣ್ತಾನೇ ಇರುತ್ತೆ. ನಮಗೆ ಅಂಗಳ ಗುಡಿಸಿದ ಹಾಗೆ ಕಾಣುತ್ತೆ, ಅವರ ಗುಂಪು ಅಲ್ಲೇ ಕೂತು ನಗ್ತಿರುತ್ತೆ. ಹಾಗಾಗಿ ಒಂದೆರಡು ದಿನ ಅದರ ಕೆಳಗೆ ಹೊಸದೇನು ಬಂತು ಅಂತ ನೋಡಿ, ಅದನ್ನೂ ದಾಖಲು ಮಾಡಿ, ಆಮೇಲೆ ಅವನನ್ನು ಪೇಜಿನಿಂದ ಹೊರಗೆ ಹಾಕಿ. ಪದಗಳ ಪಟ್ಟಿ ಕೊಟ್ಟು ತಾನಾಗೇ ಮರೆಯಾಗೋ ಹಾಗೆ ಮಾಡೋ ಸೌಲಭ್ಯನೂ ಪೇಜಲ್ಲಿದೆ. ನಮ್ಮ ಜಾತಿ ಹೆಸರುಗಳನ್ನು ಬೈಗುಳ ಅಂತ ಆ ಪಟ್ಟಿಗೆ ಟೈಪ್ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ಕನ್ನಡದಲ್ಲಿ ಹಾಕಿದ್ರೆ ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ, ಅದನ್ನೂ ಹಾಕಿದ್ರೆ ಮಧ್ಯೆ ಚುಕ್ಕೆ ಇಟ್ಟು ಬರೀತಾರೆ. ಇನ್ನೊಂದು ಕಡೆ, ‘ನಾನು ಇಂಥ ಜಾತಿಯವನು, ದೀಕ್ಷೆಗೆ ಏನು ಮಾಡಬೇಕು’ ಅಂತ ಕೇಳಿದ ನಮ್ಮದೇ ಅಜ್ಜನ ಕಾಮೆಂಟೂ ಮರೆಯಾಗಿತ್ತು, ಹತ್ತು ದಿನ ಆದ ಮೇಲೆ ನೋಡಿದ್ವಿ. ಮರೆಯಾದದ್ದನ್ನು ಯಾರಾದ್ರೂ ಮನುಷ್ಯರು ದಿನಾ ಓದಲೇಬೇಕು.

ದೂರು ಕೊಡೋದಿದ್ರೆ ತಡ ಮಾಡಬೇಡಿ. ಪೊಲೀಸರು ಕೋರಿದ್ರೆ ಫೇಸ್‌ಬುಕ್ ಕಂಪನಿ ಆ ಖಾತೆಯ ಮಾಹಿತಿಯನ್ನು ವಿಧಿವತ್ತಾದ ಕಾನೂನು ಆದೇಶ ಕೈಗೆ ಬರೋವರೆಗೆ ಅಂತ 90 ದಿನ ಕಾಪಾಡಿ ಇಡುತ್ತೆ. ದೂರಿನಲ್ಲೇ ‘ಖಾತೆಯ ಮಾಹಿತಿ ಸಂರಕ್ಷಿಸಲು ಕೋರಬೇಕು’ ಅಂತ ಒಂದು ಸಾಲು ಬರೆಯಿರಿ. ಠಾಣೆಯಲ್ಲಿ ತಗೊಳ್ಳದಿದ್ರೆ ಎಸ್‌ಪಿ ಕಚೇರಿಗೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಸ್ಪೀಡ್ ಪೋಸ್ಟಲ್ಲಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಇಷ್ಟೆಲ್ಲಾ ಮಾಡಿದರೂ ನಕಲಿ ಖಾತೆ ಆಗಿದ್ರೆ ಆಳು ಸಿಗದೇ ಇರಬಹುದು. ಅದು ನಿಜ, ಆ ಹುಡುಗಿಗೂ ನಾನು ಅದನ್ನೇ ಹೇಳಿದೆ.

ಪೇಜಿನಲ್ಲಿ ಮಾತ್ರ ಸುಮ್ಮನಿರಬಾರದು. ಬೈದವನ ಕೆಳಗಲ್ಲ, ಪೋಸ್ಟಿನ ಕೆಳಗೆ ಬೇರೆಯಾಗಿ ಸಂಸ್ಥೆಯ ಹೆಸರಲ್ಲಿ ಒಂದು ಕಾಮೆಂಟು ಹಾಕಿ, ಮೇಲೆ ಪಿನ್ ಮಾಡಿ. ನಾನು ಬರೆದ ಕರಡು ಇದು: ‘ಈ ಪೋಸ್ಟಿಗೆ ಬಂದ ಜಾತಿ ನಿಂದನೆಯನ್ನು ಮರೆಮಾಡಿದ್ದೇವೆ, ದಾಖಲಿಸಿಕೊಂಡಿದ್ದೇವೆ. ನಿಂದನೆಗೆ ಗುರಿಯಾದವರ ಜೊತೆ ಸಮಿತಿ ನಿಂತಿದೆ.’ ಸಿದ್ಧ ಉತ್ತರವೇ, ಸಭ್ಯವೇ, ಒಂದು ಕೆಟ್ಟ ಮಾತಿಲ್ಲ. ಆದರೆ ಮಾತಾಡ್ತಿರೋದು ಬೈದವನ ಜೊತೆಗಲ್ಲ, ಬೈಸಿಕೊಂಡವಳ ಜೊತೆಗೆ.

ಮೊನ್ನೆ ಮೇಷ್ಟ್ರೇ ಫೋನ್ ಮಾಡಿದ್ರು. ‘ಹೊಸ ಉತ್ತರಗಳೆಲ್ಲಾ ಬರೆದು ತಾರಮ್ಮ, ಭಾನುವಾರ ಸಭೆಯಲ್ಲಿಡೋಣ. ಮಂಗಳವಾಗಲಿ ಅನ್ನೋದೊಂದು ಉಳಿಸಮ್ಮ’ ಅಂದರು. ಉಳಿಸಿದ್ದೀನಿ, ಮೀಸಲಾತಿ ಕೇಳೋರಿಗೆ, ಪ್ರತಿಜ್ಞೆ ಕೇಳೋರಿಗೆ. ಸಭೆಗೆ ಆ ಹುಡುಗಿನೂ ಬರ್ತಾಳೆ. ಪೇಜಿನ ಸರದಿಯಲ್ಲಿ ಐದನೆಯವಳಾಗಿ ತನ್ನನ್ನೂ ಸೇರಿಸಿ ಅಂತ ಅವಳೇ ಕೇಳಿದ್ದಾಳೆ.

ಜೈಭೀಮ್. ನಮೋ ಬುದ್ಧಾಯ.